ಜೂನ್ ಒಂದರ ಮಕ್ಕಳು

(ನಮ್ಮ ಅಜ್ಜಯ್ಯನ ನೆನಪಿಗಾಗಿ ಡೊಂಬಿವಲಿಯಲ್ಲಿ ಸೇರುವ ನುಡಿನಮನ ಸಭೆಯಲ್ಲಿ ಓದಲು ಬರೆದದ್ದು)

ಹಿರಿಯರೇ, ಬಂಧುಗಳೇ, ಅಜ್ಜಯ್ಯನ ಶಿಷ್ಯರೇ,

ಊರಿನಲ್ಲಿ ಅಜ್ಜಯ್ಯನ ಉತ್ತರಕ್ರಿಯೆಗಳೆಲ್ಲ ಮುಗಿದಿವೆ. ಆದರೂ ಇಲ್ಲಿ ಇನ್ನೊಮ್ಮೆ ಸೇರಬೇಕೆಂದು ಒತ್ತಾಯಿಸಿದವರು ನಮ್ಮ ಮನೆಯವರಲ್ಲ, ನೀವು. ಠಾಣೆಯಿಂದ ಕಲ್ಯಾಣದವರೆಗೆ, ಆಚೆ ವಾಶಿ, ನೆರೂಲ್, ಐರೋಲಿಗಳಲ್ಲಿ ಅವರ ಕೈಯಲ್ಲಿ ಅಕ್ಷರ ಕಲಿತವರು ಇಷ್ಟೊಂದು ಮಂದಿ ಇದ್ದಾರೆಂಬುದು ನಮಗೂ ಗೊತ್ತಿರಲಿಲ್ಲ. ಕುಂದಾಪುರ ತಾಲೂಕಿನ, ವಾರಾಹಿ ಹೊಳೆಯ ದಡದ ಒಂದು ಸಣ್ಣ ಊರಿನ ಶಾಲೆಯಲ್ಲಿ ಅವರು 1950ರಿಂದ 1988ರವರೆಗೆ ಮಾಸ್ಟ್ರಾಗಿದ್ದರು. ಸೇರುವಾಗ ನಮ್ಮ ಜಿಲ್ಲೆ ಮದರಾಸು ರಾಜ್ಯಕ್ಕೆ ಸೇರಿತ್ತು. 1956ರ ನವೆಂಬರ್ ಒಂದರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಶಾಲೆ ಮಾತ್ರ ಅದೇ ಜಾಗದಲ್ಲಿ, ಅದೇ ಹುಲ್ಲಿನ ಮಾಡಿನ ಕೆಳಗೆ ಇತ್ತು. ಮೊದಲ ಹತ್ತು ವರ್ಷ ಆ ಶಾಲೆಗೆ ಅವರೊಬ್ಬರೇ ಉಪಾಧ್ಯಾಯರು. ಮುಂದೆ ಅದು ಏಳನೇ ತರಗತಿಯವರೆಗೆ ಬೆಳೆದು, ನಾಲ್ವರು ಉಪಾಧ್ಯಾಯರಾದಾಗ ಅವರು ಮುಖ್ಯೋಪಾಧ್ಯಾಯರಾದರು.

ಅವರು ಪಾಠ ಮಾಡುತ್ತಿದ್ದ ರೀತಿಯನ್ನು ನಿಮ್ಮಷ್ಟು ಚೆನ್ನಾಗಿ ನಾನು ಹೇಳಲಾರೆ. ಒಂದೇ ಕೋಣೆಯಲ್ಲಿ ನಾಲ್ಕು ತರಗತಿಗಳು. ಒಂದನೆಯವರು ನೆಲದ ಹೊಯಿಗೆಯ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿರುವಾಗ, ಎರಡನೆಯವರು ಮಗ್ಗಿ ಹೇಳುತ್ತಿರುವಾಗ, ಮೂರನೆಯವರು ಕಾಪಿ ಬರೆಯುತ್ತಿರುವಾಗ, ನಾಲ್ಕನೆಯವರಿಗೆ ಬೋರ್ಡಿನ ಮೇಲೆ ಲೆಕ್ಕ. ಆ ಬೋರ್ಡಿಗೆ ಇದ್ದಿಲಿನ ಪುಡಿ ಮತ್ತು ತೊಂಡೆಸೊಪ್ಪಿನ ರಸ ಬಳಿದು ಕಪ್ಪು ಮಾಡುತ್ತಿದ್ದದ್ದು ನಿಮ್ಮದೇ ಕೈಗಳು. ಅವನ್ನೆಲ್ಲ ನೀವು ಹೇಳಬೇಕು, ನಾವು ಕೇಳಬೇಕು. ನನ್ನ ಪಾಲಿನ ಸಮಯದಲ್ಲಿ ನಾನು ಅವರ ಕೆಲಸದ ಒಂದು ಭಾಗವನ್ನು ಮಾತ್ರ ನೆನೆಯುತ್ತೇನೆ. ಅದು ಪ್ರತಿ ವರ್ಷ ಜೂನ್ ತಿಂಗಳ ಮೊದಲ ವಾರದಲ್ಲಿ, ಮಳೆ ಹಿಡಿಯುವ ಹೊತ್ತಿಗೆ, ದಾಖಲಾತಿ ರಿಜಿಸ್ಟರಿನ ಮುಂದೆ ಕುಳಿತು ಅವರು ಮಾಡುತ್ತಿದ್ದ ಕೆಲಸ.

ಈ ಸಭೆಗೆ ಬರುವವರ ಹೆಸರುಗಳನ್ನು ಪಟ್ಟಿ ಮಾಡುವಾಗ ನನ್ನ ಅತ್ತೆ ಸುಮ್ಮನೆ ಕೆಲವರ ಹುಟ್ಟಿದ ದಿನ ಕೇಳಿದರು. ಒಬ್ಬರ ನಂತರ ಒಬ್ಬರು ಜೂನ್ ಒಂದು ಎಂದರು. ವರ್ಷ ಬೇರೆ ಬೇರೆ, ದಿನ ಒಂದೇ. ನಮ್ಮ ಕಡೆಯ ಒಂದು ತಲೆಮಾರಿನವರಿಗೆ ಇದು ಹೊಸ ಸಂಗತಿಯೇನಲ್ಲ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಮೇ 31 ಬಂತೆಂದರೆ ಸಾಲುಸಾಲು ಬೀಳ್ಕೊಡುಗೆಗಳು ನಡೆಯುವುದೂ ಇದೇ ಕಾರಣಕ್ಕೆ. ತಿಂಗಳ ಮೊದಲ ದಿನ ಹುಟ್ಟಿದವರು ಅದರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ಸರ್ಕಾರಿ ನಿಯಮ. ಹೀಗಾಗಿ ಜೂನ್ ಒಂದರಂದು ಹುಟ್ಟಿದವರೆಲ್ಲರ ಕೊನೆಯ ಕೆಲಸದ ದಿನ ಮೇ 31.

ಈ ಜೂನ್ ಒಂದು ಹುಟ್ಟಿದ್ದು ಮಾಸ್ಟ್ರ ಮೇಜಿನ ಮೇಲೆ. ಆಗ ಮಗುವನ್ನು ಶಾಲೆಗೆ ಕರೆತರುವ ತಾಯಿಯ ಕೈಯಲ್ಲಿ ಯಾವ ಕಾಗದವೂ ಇರುತ್ತಿರಲಿಲ್ಲ. ಊರಿನ ಪಟೇಲರ ಬಳಿ ಜನನ ಮರಣದ ಪುಸ್ತಕವಿದ್ದರೂ, ಹೆರಿಗೆಯ ಸುದ್ದಿ ಉಗ್ರಾಣಿಯ ಕಿವಿಗೆ ಬಿದ್ದರೆ ಮಾತ್ರ ಅದರಲ್ಲಿ ಒಂದು ಸಾಲು ಸೇರುತ್ತಿತ್ತು. ಸೇರಿದರೂ ಗಂಡು ಮಗು, ಹೆಣ್ಣು ಮಗು ಎಂದಷ್ಟೇ ಇರುತ್ತಿತ್ತು. ಹೆಸರಿಡುವ ಮೊದಲೇ ಬರೆದದ್ದಾದ್ದರಿಂದ ಹೆಸರು ಇರುತ್ತಿರಲಿಲ್ಲ. ನಾಲ್ಕು ಮಕ್ಕಳಿರುವ ಮನೆಯಲ್ಲಿ ಆ ಸಾಲು ಯಾರದೆಂದು ಹೇಳುವವರಿಲ್ಲ. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾಯಿದೆ ಬಂದದ್ದು 1969ರಲ್ಲಿ. ಅದು ಹಳ್ಳಿಯ ಮನೆಬಾಗಿಲಿಗೆ ತಲುಪಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಆದರೆ ಶಾಲೆಯ ರಿಜಿಸ್ಟರಿನಲ್ಲಿ ಹುಟ್ಟಿದ ದಿನಾಂಕದ ಕಲಮನ್ನು ಖಾಲಿ ಬಿಡುವಂತಿರಲಿಲ್ಲ. ಅದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕಿತ್ತು. ಶಾಲೆ ತೆರೆಯುವುದು ಜೂನ್ ಒಂದರಂದು, ವಯಸ್ಸು ಲೆಕ್ಕ ಹಾಕುವುದೂ ಅದೇ ದಿನಕ್ಕೆ. ಮಗುವಿಗೆ ಆರು ತುಂಬಿದೆಯೆಂದು ತೋರಿಸಲು ಆರು ವರ್ಷ ಹಿಂದಿನ ಜೂನ್ ಒಂದನ್ನು ಬರೆದರೆ ಲೆಕ್ಕ ಸರಿಹೋಗುತ್ತಿತ್ತು. ಮೇಲಧಿಕಾರಿಗಳು ತಪಾಸಣೆಗೆ ಬಂದಾಗ ಪ್ರಶ್ನೆಯೂ ಏಳುತ್ತಿರಲಿಲ್ಲ.

ಹೆಚ್ಚಿನ ಕಡೆ ಕೆಲಸ ಅಷ್ಟಕ್ಕೇ ಮುಗಿಯುತ್ತಿತ್ತು. ಮಗು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿದರೆ ಶಾಲೆಗೆ ಸೇರಿಸಬಹುದು, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಅಜ್ಜಯ್ಯನೂ ಕಿವಿ ಮುಟ್ಟಿಸುತ್ತಿದ್ದರು. ಕೆಳಗಿನ ಹಾಲುಹಲ್ಲು ಅಲುಗಾಡುತ್ತಿದೆಯೇ ಎಂದು ನೋಡುತ್ತಿದ್ದರು. ಆಮೇಲೆ ತಾಯಿಯನ್ನು ಬೆಂಚಿನ ಮೇಲೆ ಕೂರಿಸಿ ಪ್ರಶ್ನೆಗಳನ್ನು ಶುರುಮಾಡುತ್ತಿದ್ದರು. ಈ ಪ್ರಶ್ನೋತ್ತರಗಳನ್ನು ಬರೆದಿಟ್ಟ ಒಂದು ಪುಸ್ತಕ ಈಗ ನಮ್ಮ ಕೈಗೆ ಸಿಕ್ಕಿದೆ. ಅದು ಶಾಲೆಯ ಪುಸ್ತಕವಲ್ಲ. ಅಂಗಡಿಯವರು ಸಾಲದ ಲೆಕ್ಕ ಬರೆಯುವಂಥ, ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ. ಅಜ್ಜಯ್ಯನ ಪೆಟ್ಟಿಗೆಯಲ್ಲಿ ಅವರ ಪಿಂಚಣಿ ಕಾಗದಗಳ ಅಡಿಯಲ್ಲಿತ್ತು. ರಿಜಿಸ್ಟರಿನಲ್ಲಿ ಬರೆದದ್ದು ಜೂನ್ ಒಂದು; ಈ ಪುಸ್ತಕದಲ್ಲಿ ಬರೆದದ್ದು ತಾಯಿ ಹೇಳಿದ್ದು.

ಅವರ ಕ್ರಮ ತಿಳಿಯಬೇಕಾದರೆ ಒಂದು ಪುಟವನ್ನು ಓದಬೇಕು. ಅದು 1968ರ ಜೂನ್ ತಿಂಗಳದ್ದು. ಆ ಪುಟದ ಹುಡುಗ ಈಗ ಕಲ್ಯಾಣದಲ್ಲಿ ನೆಲೆಸಿದ್ದಾರೆ, ಇಲ್ಲಿಗೂ ಬರುವುದಾಗಿ ತಿಳಿಸಿದ್ದಾರೆ. ಹೆಸರು ಹೇಳದೆ ಈ ವಿಷಯವನ್ನು ಹೇಳಬಹುದೆಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಅವರ ತಾಯಿ ಮೊದಲು ಹೇಳಿದ್ದು, ಮಗ ಹುಟ್ಟಿದ್ದು ಕೋಟೇಶ್ವರದ ಕೊಡಿಹಬ್ಬದ ಮರುದಿನ ಎಂದು. ಕೊಡಿಹಬ್ಬ ನವೆಂಬರ್ ಡಿಸೆಂಬರ್ ಹೊತ್ತಿನ ಹುಣ್ಣಿಮೆಗೆ ಬರುತ್ತದೆ. ಆದ್ದರಿಂದ ತಿಂಗಳು ಸಿಕ್ಕಿತು. ಆದರೆ ಯಾವ ವರ್ಷದ ಕೊಡಿಹಬ್ಬ? ಅಜ್ಜಯ್ಯ ಅಷ್ಟಗ್ರಹ ಕೂಡಿದ ವರ್ಷವನ್ನು ಕೇಳಿದ್ದಾರೆ. 1962ರ ಫೆಬ್ರವರಿ ಮೊದಲ ವಾರದಲ್ಲಿ ಎಂಟು ಗ್ರಹಗಳು ಒಂದೇ ರಾಶಿಯಲ್ಲಿ ಸೇರುತ್ತವೆ, ಪ್ರಳಯವಾಗುತ್ತದೆ ಎಂದು ದೇಶವೆಲ್ಲ ಹೆದರಿ ಹೋಮ, ಭಜನೆಗಳಲ್ಲಿ ತೊಡಗಿದ್ದ ಕಾಲವದು. ಆ ಭಯವನ್ನು ಮರೆತ ತಾಯಿ ನಮ್ಮ ಊರಿನಲ್ಲಿ ಇರಲಿಲ್ಲ. ಆಗ ಇನ್ನೂ ಬಸುರಿಯಾಗಿರಲಿಲ್ಲ ಎಂದು ಆಕೆ ಹೇಳಿದ್ದಾರೆ. ಆ ಮಳೆಗಾಲದ ನಟ್ಟಿ ಮುಗಿಯುವಾಗ? ನಾಲ್ಕೈದು ತಿಂಗಳು, ಬಗ್ಗಿ ನೇಜಿ ನೆಡುವುದು ಕಷ್ಟವಾಗಿತ್ತು. ದಿನ ತುಂಬುವ ಹೊತ್ತಿಗೆ ಊರಿನಲ್ಲಿ ಏನು ಮಾತು? ಅಂಗಡಿಯ ರೇಡಿಯೊದಲ್ಲಿ ಚೀನಾದವರ ಯುದ್ಧ. ಕೊನೆಯದಾಗಿ ನೆರೆಮನೆಯ ಮಗುವಿನ ಲೆಕ್ಕ: ಅವಳು ಸೋಣೆ ತಿಂಗಳಲ್ಲಿ ಹುಟ್ಟಿದವಳು, ಇವನು ಅವಳಿಗಿಂತ ಮೂರು ನಾಲ್ಕು ತಿಂಗಳು ಚಿಕ್ಕವನು.

ನಾಲ್ಕು ಉತ್ತರಗಳೂ ಒಂದೇ ಕಡೆ ಬೆರಳು ತೋರಿಸುತ್ತವೆ. ಗ್ರಹಗಳ ಭಯ ಫೆಬ್ರವರಿಯಲ್ಲಿ, ನಟ್ಟಿ ಜುಲೈಯಲ್ಲಿ, ಯುದ್ಧ ಅಕ್ಟೋಬರ್ ನವೆಂಬರಿನಲ್ಲಿ, ಹೆರಿಗೆ ಡಿಸೆಂಬರಿನಲ್ಲಿ. ಒಂದು ಉತ್ತರ ಉಳಿದವುಗಳೊಂದಿಗೆ ಹೊಂದದಿದ್ದರೆ ಅಜ್ಜಯ್ಯ ಪಕ್ಕದಲ್ಲಿ ಒಂದು ಗೀಟು ಎಳೆದು, ಅಜ್ಜಿಯನ್ನು ಕರೆದುಕೊಂಡು ಬರಲು ಹೇಳಿದ ಪುಟಗಳೂ ಇವೆ. ಹೆರಿಗೆ ಮಾಡಿಸಿದ ಅಜ್ಜಿಗೆ ತಾಯಿಗಿಂತ ಚೆನ್ನಾಗಿ ನೆನಪಿರುತ್ತಿತ್ತು. ಈ ಹುಡುಗನ ಪುಟದಲ್ಲಿ ಗೀಟಿಲ್ಲ. 1968ರ ಜೂನ್ ಒಂದಕ್ಕೆ ಅವನಿಗೆ ಐದೂವರೆ ವರ್ಷ ಎಂಬುದು ಅಜ್ಜಯ್ಯನಿಗೆ ಸ್ಪಷ್ಟವಾಗಿತ್ತು. ಹಾಗಿದ್ದರೂ ರಿಜಿಸ್ಟರಿನಲ್ಲಿ ಅವರು ಬರೆದದ್ದು 1-6-1962, ಅಂದರೆ ಆರು ತುಂಬಿದ ಮಗು.

ಯಾಕೆ ಹಾಗೆ ಬರೆದರೆಂಬುದು ಅದೇ ಪುಟದ ಕೊನೆಯಲ್ಲಿ ಎರಡು ಸಾಲುಗಳಲ್ಲಿದೆ. ತಂದೆ ಇಲ್ಲ. ಒಕ್ಕಲು ಮನೆಯವರು ಹುಡುಗನನ್ನು ಗಂಟಿ ಮೇಯಿಸಲು ಕೇಳಿದ್ದಾರೆ, ಈ ವರ್ಷ ಬಿಟ್ಟರೆ ಬರುವುದಿಲ್ಲ. ಇನ್ನೊಂದು ಕಾರಣವನ್ನು ಅಜ್ಜಯ್ಯ ಬರೆದಿಲ್ಲ. ಆ ಕಾಲದವರು ಬಲ್ಲರು. ಆಗ ಶಾಲೆಗಳಲ್ಲಿ ಅಮೆರಿಕದಿಂದ ಬಂದ ಗೋಧಿ ರವೆಯ ಸಜ್ಜಿಗೆಯನ್ನೂ ಹಾಲಿನ ಪುಡಿಯ ಹಾಲನ್ನೂ ಮಧ್ಯಾಹ್ನ ಕೊಡುತ್ತಿದ್ದರು. ಅದು ಹಾಜರಿ ಪಟ್ಟಿಯಲ್ಲಿ ಹೆಸರಿದ್ದ ಮಕ್ಕಳಿಗೆ. ಪಟ್ಟಿಗೆ ಬರಬೇಕಾದರೆ ದಾಖಲಾಗಬೇಕು, ದಾಖಲಾಗಬೇಕಾದರೆ ಆರು ತುಂಬಬೇಕು. ಆರು ತಿಂಗಳ ವಯಸ್ಸನ್ನು ಸೇರಿಸಿದ್ದರಿಂದ ಆ ಮಗುವಿಗೆ ಒಂದು ವರ್ಷದ ಮಧ್ಯಾಹ್ನದ ಊಟ ಸಿಕ್ಕಿತು.

ಇದಕ್ಕೆ ಎದುರಾದ ಪುಟಗಳೂ ಆ ಪುಸ್ತಕದಲ್ಲಿವೆ. ಸ್ವಲ್ಪ ಓದು ಬರಹ ಬಲ್ಲ, ಸರ್ಕಾರಿ ನೌಕರಿಯ ಕನಸಿದ್ದ ತಂದೆಯರು ವಯಸ್ಸನ್ನು ಎರಡು ವರ್ಷ ಕಡಿಮೆ ಬರೆಯಲು ಕೇಳುತ್ತಿದ್ದರು. ಹಾಗೆ ಬರೆದರೆ ನೌಕರಿಯಲ್ಲಿ ಎರಡು ವರ್ಷ ಹೆಚ್ಚು ದುಡಿಯಬಹುದು, ಎರಡು ವರ್ಷದ ಸಂಬಳ ಹೆಚ್ಚು. ಅಂಥ ಪುಟಗಳಲ್ಲಿ ಅಜ್ಜಯ್ಯ ಬರೆದದ್ದು ಒಂದೇ ಮಾತು: ಕೇಳಿದರು, ಕೊಡಲಿಲ್ಲ. ಎರಡೂ ಸುಳ್ಳೇ ತಾನೆ ಎಂದು ನಾವು ಕೇಳಬಹುದು. ಅವರು ಬದುಕಿದ್ದಾಗ ನಾನೂ ಕೇಳಿದ್ದೆ. ಅವರ ಉತ್ತರ ನನಗೆ ನೆನಪಿದೆ. ಒಂದರಲ್ಲಿ ಮಗು ಒಳಗೆ ಬರುತ್ತದೆ. ಇನ್ನೊಂದರಲ್ಲಿ ಒಳಗೆ ಬಂದಾಗಿರುವ ಮಗುವಿಗೆ ಲಾಭ ಸಿಗುತ್ತದೆ. ಮೊದಲನೆಯದಕ್ಕೆ ನಾನು ಹೊಣೆ, ಎರಡನೆಯದಕ್ಕೆ ಅಲ್ಲ ಎಂದಿದ್ದರು. ಈ ವಿವರಣೆಯನ್ನು ಎಲ್ಲರೂ ಒಪ್ಪಬೇಕೆಂದು ನಾನು ಹೇಳುವುದಿಲ್ಲ.

ಆ ದಿನಾಂಕ ಮುಂದೆ ಎಲ್ಲಿಯವರೆಗೆ ಹೋಯಿತೆಂಬುದನ್ನೂ ಹೇಳಬೇಕು, ಏಕೆಂದರೆ ಅದು ಈ ಊರಿನವರೆಗೆ ಬಂದಿದೆ. 1975ರಲ್ಲಿ ಏಳನೇ ತರಗತಿ ಮುಗಿಸಿದ ಆ ಹುಡುಗ ಊರಿನ ಇತರ ಹುಡುಗರಂತೆ ಮುಂಬಯಿಯ ಹೋಟೆಲಿಗೆ ಹೊರಟರು. ಹಗಲು ಹೋಟೆಲಿನ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಇದು ಈ ಸಭೆಯಲ್ಲಿರುವ ಹಲವರ ಕಥೆ. ರಾತ್ರಿಶಾಲೆಗೆ ಸೇರಲು ಟೀಸಿ ಬೇಕು. ಬೇರೆ ರಾಜ್ಯದ ಟೀಸಿಗೆ ಶಿಕ್ಷಣ ಇಲಾಖೆಯ ಅಧಿಕಾರಿಯ ಮೇಲುಸಹಿ ಇಲ್ಲದಿದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ. ಎಷ್ಟೋ ಹುಡುಗರು ಇದು ತಿಳಿಯದೆ ಬಂದು, ಟೀಸಿಯನ್ನು ಅಂಚೆಯಲ್ಲಿ ಊರಿಗೆ ಕಳುಹಿಸಿ, ಅದು ಮರಳುವಷ್ಟರಲ್ಲಿ ವರ್ಷ ಕಳೆದುಕೊಂಡವರು. ಅಜ್ಜಯ್ಯ ಮಾತ್ರ ಏಪ್ರಿಲ್ ತಿಂಗಳಲ್ಲೇ ಯಾರು ಮುಂಬಯಿಗೆ ಹೋಗುತ್ತಾರೆಂದು ಕೇಳಿಕೊಂಡು, ಅವರೆಲ್ಲರ ಟೀಸಿಗಳನ್ನು ಒಟ್ಟಿಗೆ ಬರೆದು, ತಾವೇ ಕುಂದಾಪುರಕ್ಕೆ ಹೋಗಿ ಮೇಲುಸಹಿ ಮಾಡಿಸಿಕೊಂಡು ಬರುತ್ತಿದ್ದರು. ಆ ಟೀಸಿಗಳಲ್ಲಿ ಅವರು ಕನ್ನಡ ಅಂಕಿಗಳನ್ನು ಬಳಸುತ್ತಿರಲಿಲ್ಲ. ಕನ್ನಡದ ೧ ಅನ್ನು ಅದನ್ನು ಅರಿಯದವರು ಸೊನ್ನೆಯೆಂದು ಓದಿಯಾರು ಎಂಬುದು ಅವರ ಭಯ. ದಿನಾಂಕವನ್ನು ಇಂಗ್ಲಿಷ್ ಅಂಕಿಯಲ್ಲಿ ಬರೆದು, ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲೂ ಬರೆಯುತ್ತಿದ್ದರು. ಎಂಟನೇ ತರಗತಿಯಷ್ಟೇ ಓದಿ ತರಬೇತಿ ಪಡೆದಿದ್ದ ಅವರ ಇಂಗ್ಲಿಷ್ ಅಷ್ಟಕ್ಕೆ ಸಾಕಾಗುತ್ತಿತ್ತು.

ಟೀಸಿಯ ದಿನಾಂಕ ರಾತ್ರಿಶಾಲೆಯ ದಾಖಲೆಗೆ ಹೋಯಿತು, ಅಲ್ಲಿಂದ ಎಸ್‌ಎಸ್‌ಸಿ ಪ್ರಮಾಣಪತ್ರಕ್ಕೆ, ಅಲ್ಲಿಂದ 1985ರಲ್ಲಿ ಸಿಕ್ಕಿದ ಕೇಂದ್ರ ಸರ್ಕಾರದ ನೌಕರಿಯ ಸೇವಾ ಪುಸ್ತಕಕ್ಕೆ. ಒಂದೊಂದು ಕಾಗದವೂ ತನ್ನ ಹಿಂದಿನದನ್ನೇ ಸಾಕ್ಷಿ ಕರೆಯುವುದು. ಹೀಗೆ ಮೂರು ನಾಲ್ಕು ಮೆಟ್ಟಿಲು ಏರಿದ ಮೇಲೆ ಮೊದಲನೆಯದು ಅಂದಾಜು ಎಂಬುದು ಯಾರಿಗೂ ಕಾಣುವುದಿಲ್ಲ. ಸೇವಾ ಪುಸ್ತಕದ ಹುಟ್ಟಿದ ದಿನಾಂಕವನ್ನು ತಿದ್ದಿಸಬೇಕಾದರೆ ನೌಕರಿಗೆ ಸೇರಿದ ಐದು ವರ್ಷದ ಒಳಗೆ ಅರ್ಜಿ ಕೊಡಬೇಕೆಂಬುದು ಕೇಂದ್ರ ಸರ್ಕಾರದ ನಿಯಮ. ಅವರು 1989ರಲ್ಲಿ, ಅವಧಿಯ ಒಳಗೇ ಅರ್ಜಿ ಕೊಟ್ಟರು. ಅದಕ್ಕಾಗಿ ಅಜ್ಜಯ್ಯನಿಗೆ ಪತ್ರ ಬರೆದರು. ಒಂದು ವರ್ಷದ ಹಿಂದೆಯಷ್ಟೇ ನಿವೃತ್ತರಾಗಿದ್ದ ಅಜ್ಜಯ್ಯ, ಆ ದಿನಾಂಕ ತಮ್ಮ ಅಂದಾಜು, ತಾಯಿ ಹೇಳಿದ್ದು ಬೇರೆ ಎಂದು ಸಹಿ ಮಾಡಿ ಬರೆದುಕೊಟ್ಟರು. ತಮ್ಮ ಕೈಬರಹವೇ ಸರಿಯಲ್ಲವೆಂದು ಬರೆದುಕೊಡುವುದು ಒಬ್ಬ ಮಾಸ್ಟ್ರಿಗೆ ಸುಲಭದ ಮಾತಲ್ಲ. ಆದರೆ ಕಚೇರಿ ಒಪ್ಪಲಿಲ್ಲ. ಎಸ್‌ಎಸ್‌ಸಿ ಪ್ರಮಾಣಪತ್ರ ಇರುವಾಗ ಖಾಸಗಿ ಪತ್ರಕ್ಕೆ ಬೆಲೆಯಿಲ್ಲ ಎಂಬ ಉತ್ತರ ಬಂತು. ಕಚೇರಿಯ ಉತ್ತರವೂ ಅನ್ಯಾಯವಲ್ಲ. ಶಾಲೆಯ ದಾಖಲಾತಿ ರಿಜಿಸ್ಟರು ಕರ್ತವ್ಯದ ಮೇಲೆ ಬರೆದ ಸಾರ್ವಜನಿಕ ದಾಖಲೆ. ಅದರಲ್ಲಿ ತಾಯಿಯ ಹೆಬ್ಬೆಟ್ಟೂ ಇತ್ತು. ಕೆಂಪು ರಟ್ಟಿನ ಪುಸ್ತಕ ಅಜ್ಜಯ್ಯನ ಸ್ವಂತದ್ದು.

ಹೀಗೆ ಅವರು 2022ರ ಮೇ 31ರಂದು ನಿವೃತ್ತರಾದರು. ತಾಯಿ ಹೇಳಿದ ದಿನವನ್ನು ಹಿಡಿದಿದ್ದರೆ ಅದೇ ವರ್ಷ ಡಿಸೆಂಬರ್ 31ರವರೆಗೆ ಕೆಲಸವಿರುತ್ತಿತ್ತು. ಏಳು ತಿಂಗಳ ಸಂಬಳ ನಷ್ಟ. ಮಗಳ ಮದುವೆಯ ವರ್ಷವಾದ್ದರಿಂದ ಅದು ಸಣ್ಣ ಮೊತ್ತವಾಗಿರಲಿಲ್ಲ. ಬೀಳ್ಕೊಡುಗೆ ಮುಗಿಸಿ ಬಂದ ರಾತ್ರಿ ಅವರು ಊರಿಗೆ ಫೋನು ಮಾಡಿದರಂತೆ. "ಏಳ್ ತಿಂಗ್ಳ್ ಹೋಯ್ತ್ ಮಾಸ್ಟ್ರೆ" ಎಂದರಂತೆ. ಅಜ್ಜಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಯ್ತ್ ಮಾರಾಯ. ಆ ವರ್ಷ ಬಿಟ್ರೆ ನೀನ್ ಶಾಲಿಗೆ ಬತ್ತಿರ್ಲಿಲ್ಲ" ಎಂದರಂತೆ. ಆಮೇಲೆ ಅವರ ತಾಯಿ ಹೇಗಿದ್ದಾರೆಂದು ವಿಚಾರಿಸಿದರು. ಆಕೆ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಅಜ್ಜಯ್ಯನಿಗೆ ಅದು ಗೊತ್ತಿರಲಿಲ್ಲ. ಅಂದು ರಾತ್ರಿಯೇ ಕೆಂಪು ಪುಸ್ತಕವನ್ನು ತೆಗೆದು ಆಕೆಯ ಹೆಸರಿನ ಮುಂದೆ ಏನನ್ನೋ ಬರೆದರು ಎಂದು ನನ್ನ ಅಮ್ಮ ನೆನೆಯುತ್ತಾರೆ. ಈಗ ನೋಡಿದರೆ, ಅದು ಒಂದು ಸಣ್ಣ ಅಡ್ಡಗೆರೆ ಮತ್ತು ವರ್ಷ.

ಇಂದು ನಮ್ಮ ಮಕ್ಕಳು ಹುಟ್ಟುವುದು ಆಸ್ಪತ್ರೆಯಲ್ಲಿ. ಗಂಟೆ ನಿಮಿಷಗಳ ಸಮೇತ ದಾಖಲೆ ಕೈಗೆ ಬರುತ್ತದೆ. 2023ರ ಅಕ್ಟೋಬರ್ ಒಂದರಿಂದ ಹುಟ್ಟಿದವರಿಗಂತೂ ಶಾಲೆಯಿಂದ ಹಿಡಿದು ನೌಕರಿಯವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಕ್ಕೆ ಆಧಾರ ಎಂದು ಕಾನೂನಾಗಿದೆ. ಇನ್ನು ಮುಂದೆ ಯಾವ ಮಾಸ್ಟ್ರೂ ಯಾವ ಮಗುವಿಗೂ ಹುಟ್ಟಿದ ದಿನ ಕೊಡಬೇಕಾಗಿಲ್ಲ. ಅಜ್ಜಯ್ಯ ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಸಂತೋಷಪಟ್ಟಿದ್ದರು. ಅವರ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿದೆ, ರಿಜಿಸ್ಟರುಗಳು ಪಕ್ಕದ ಊರಿನ ಶಾಲೆಯ ಕಪಾಟಿನಲ್ಲಿವೆ. ಈಗಲೂ ಪಾಸ್‌ಪೋರ್ಟಿಗೋ ಪಿಂಚಣಿಗೋ ಒಂದು ನಕಲು ಬೇಕೆಂದು ಯಾರಾದರೂ ಅಲ್ಲಿಗೆ ಹೋಗುತ್ತಾರಂತೆ.

ಅಜ್ಜಯ್ಯನ ಹುಟ್ಟಿದ ದಿನವೂ ಕಾಗದದಲ್ಲಿ 1930ರ ಜೂನ್ ಒಂದೇ. ಅದನ್ನು ಅವರಿಗೆ ಕೊಟ್ಟವರು ಅವರ ಮಾಸ್ಟ್ರು. ಕೆಂಪು ಪುಸ್ತಕದ ಮೊದಲ ಪುಟದಲ್ಲಿ, ಯಾವ ಶಿಷ್ಯನ ಹೆಸರೂ ಬರುವ ಮೊದಲು, ಅವರು ತಮ್ಮ ತಾಯಿಯ ಹೆಸರು ಬರೆದು, ಹೊಸ್ತಿನ ಅನ್ನ ಉಂಡ ರಾತ್ರಿ ಎಂದು ಬರೆದಿದ್ದಾರೆ. ಅಂದರೆ ಹೊಸ ಅಕ್ಕಿಯ ಹಬ್ಬದ ಹೊತ್ತು, ನವರಾತ್ರಿಯ ಆಸುಪಾಸು. ಕಾಗದದ ಪ್ರಕಾರ ತೊಂಬತ್ತೈದು ತುಂಬಿ ತೀರಿಕೊಂಡರು. ಅವರ ತಾಯಿಯ ಪ್ರಕಾರ ತೊಂಬತ್ತೈದು ತುಂಬಲು ಇನ್ನೂ ಎರಡು ತಿಂಗಳಿತ್ತು.

ಇನ್ನೊಂದು ವಿಷಯವನ್ನು ತಿಳಿಸಿ ಮುಗಿಸುತ್ತೇನೆ. ಸಭೆ ಮುಗಿದ ಮೇಲೆ ನನ್ನ ಅತ್ತೆ ಕೆಂಪು ಪುಸ್ತಕವನ್ನು ಇಟ್ಟುಕೊಂಡು ಬಾಗಿಲ ಬಳಿಯ ಮೇಜಿನಲ್ಲಿ ಕುಳಿತಿರುತ್ತಾರೆ. ನಿಮ್ಮ ನಿಮ್ಮ ಪುಟದ ನಕಲನ್ನು ಮಾಡಿ ಕೊಡಬೇಕೆಂದು ಮನೆಯವರೆಲ್ಲ ನಿಶ್ಚಯಿಸಿದ್ದೇವೆ. ಶಾಲೆಯ ರಿಜಿಸ್ಟರಿನಲ್ಲಿ ತಂದೆ ಅಥವಾ ಪೋಷಕರ ಹೆಸರಿಗೆ ಮಾತ್ರ ಜಾಗವಿತ್ತು. ಈ ಪುಸ್ತಕದಲ್ಲಿ ಪುಟಗಳಿರುವುದು ತಾಯಿಯ ಹೆಸರಿನಲ್ಲಿ. ಆದ್ದರಿಂದ ಮೇಜಿನ ಬಳಿಗೆ ಬಂದಾಗ ನಿಮ್ಮ ಹೆಸರಿನ ಬದಲು ತಾಯಿಯ ಹೆಸರನ್ನೂ, ನೀವು ಶಾಲೆಗೆ ಸೇರಿದ ವರ್ಷವನ್ನೂ ಹೇಳಿರಿ. ಆಕೆ ಅಂದು ಆ ಬೆಂಚಿನ ಮೇಲೆ ಕುಳಿತು ನಿಮ್ಮ ಬಗ್ಗೆ ಏನು ಹೇಳಿದರೆಂಬುದನ್ನು ಅತ್ತೆ ಹುಡುಕಿ ಕೊಡುತ್ತಾರೆ.